ಆಧಾರ್ ವಯಸ್ಸಿನ ಹಿಂದೆ ಹೋಗಬೇಡಿ, ಮೊದಲು ವಿಧವಾ ವೇತನಕ್ಕೆ ಹಾಕಿ

ಪ್ರಶ್ನೆ: ಅಪ್ಪ ತೀರಿಕೊಂಡು ಎಂಟು ತಿಂಗಳಾಯ್ತು. ಅಮ್ಮನಿಗೆ ಏನಿಲ್ಲವೆಂದರೂ 66 ವರ್ಷ, ಆದರೆ ಆಧಾರ್‌ನಲ್ಲಿ 59 ಅಂತ ಇದೆ. ಸಂಧ್ಯಾ ಸುರಕ್ಷಾ ಸಿಗಬೇಕಾದರೆ ಮೊದಲು ಆಧಾರ್‌ನಲ್ಲಿ ವಯಸ್ಸು ತಿದ್ದಿಸಬೇಕಂತೆ. ಯಾವ ದಾಖಲೆ ಕೊಟ್ಟು ತಿದ್ದಿಸೋದು? ಏಜೆಂಟ್ ಒಬ್ಬರು ಮಾಡಿಸಿಕೊಡ್ತೀನಿ ಅಂತಿದ್ದಾರೆ, ನಂಬಬಹುದಾ?

ಉತ್ತರ:

ತಿದ್ದಿಸಬೇಡಿ. ಈಗಂತೂ ಬೇಡವೇ ಬೇಡ. ಏಜೆಂಟರಿಗೆ ದುಡ್ಡನ್ನೂ ಕೊಡಬೇಡಿ. ನಿಮ್ಮ ಅಮ್ಮನಿಗೆ ಇವತ್ತೇ ಹಕ್ಕಾಗಿ ಸಿಗಬೇಕಾದ ಪಿಂಚಣಿ ಒಂದಿದೆ. ಅದಕ್ಕೆ 65 ಆಗಿರಬೇಕಿಲ್ಲ, 60 ಕೂಡ ಆಗಿರಬೇಕಿಲ್ಲ. ನಮ್ಮ ಮನೆಯಲ್ಲಿ ಇದು ಯಾರಿಗೂ ಹೊಳೆಯಲಿಲ್ಲ. ಹಾಗಾಗಿ ಅವ್ವನಿಗೆ ಸುಮಾರು ಎರಡು ವರ್ಷ ಒಂದು ರೂಪಾಯಿಯೂ ಬರಲಿಲ್ಲ.

ನಮ್ಮದು ತುಂಗಭದ್ರಾ ಹಿನ್ನೀರಿನ ಕಡೆಯ ಊರು. ಅಪ್ಪ ಹೋಗಿದ್ದು 2020ರಲ್ಲಿ, ಕೊರೋನಾ ಕಾಲದಲ್ಲೇ, ಆದರೆ ಕೊರೋನಾದಿಂದಲ್ಲ. ನಾನು ಮದುವೆಯಾಗಿ ಬೇರೆ ಊರಲ್ಲಿದ್ದೆ. ತವರಿನ ಕಾಗದಪತ್ರವೆಲ್ಲ ಅಣ್ಣನ ಕೈಯಲ್ಲಿ. ಅವನು ಕೂಲಿಗೆ ಹೋಗುವವನು, ಅವ್ವನ ಗುಳಿಗೆ-ಔಷಧಿಗೆ ತಿಂಗಳಾ ಏನಾದರೂ ಬರಲಿ ಎಂದು ಪಿಂಚಣಿ ಮಾಡಿಸಲು ಹೊರಟ. ಅವ್ವ ಹುಟ್ಟಿದ್ದು ಡ್ಯಾಮಿಗೆ ನೀರು ನಿಂತ ವರ್ಷ ಎಂದು ಅಜ್ಜಿ ಹೇಳುತ್ತಿದ್ದಳಂತೆ. ಅಂದರೆ 1953. ಲೆಕ್ಕದ ಪ್ರಕಾರ ಆಗ ಅವ್ವನಿಗೆ 67. ಆದರೆ ಊರಿಗೆ ಆಧಾರ್‌ನವರು ಬಂದಾಗ ಮುಖ ನೋಡಿ ಬರೆದುಕೊಂಡರೋ, ಅವ್ವನೇ ಬಾಯಿಗೆ ಬಂದದ್ದು ಹೇಳಿದಳೋ, ಕಾರ್ಡಿನಲ್ಲಿ ಇದ್ದದ್ದು ಬರೀ ಹುಟ್ಟಿದ ವರ್ಷ, ಅದೂ 1963. ನಿಮ್ಮ ಅಮ್ಮನ ಕಾರ್ಡಿನಲ್ಲೂ ದಿನಾಂಕವಿಲ್ಲದೆ ಬರೀ ವರ್ಷ ಅಥವಾ ಜನವರಿ 1 ಎಂದಿದ್ದರೆ, ಅದೂ ದಾಖಲೆ ನೋಡದೆ ಅಂದಾಜಿನಲ್ಲಿ ಬರೆದದ್ದೇ ಇರಬೇಕು. ನಮ್ಮ ಓಣಿಯಲ್ಲಿ ಅರ್ಧ ಜನ ಮುದುಕಿಯರು ಜನವರಿ 1ಕ್ಕೇ ಹುಟ್ಟಿದವರು.

ಆಗ ಸಂಧ್ಯಾ ಸುರಕ್ಷಾ 1,000 ರೂಪಾಯಿ ಇತ್ತು, ವಿಧವಾ ವೇತನ 600. ಅಣ್ಣ ಹೆಚ್ಚಿಗೆ ಬರುವುದನ್ನೇ ನೋಡಿದ. ವಿಧವಾ ವೇತನ ಎಂದರೆ ಸಣ್ಣ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡವರಿಗೆ, ಮುದುಕರಿಗೆಲ್ಲ ಸಂಧ್ಯಾ ಸುರಕ್ಷಾ ಎಂದು ಅವನ ತಿಳಿವಳಿಕೆ. ಕಂಪ್ಯೂಟರ್ ಸೆಂಟರಿನವನೂ ಅದನ್ನೇ ಹೇಳಿದ. 65 ತುಂಬಿರಬೇಕು, ಆಧಾರ್‌ನಲ್ಲಿ ತುಂಬಿಲ್ಲ, ಆದ್ದರಿಂದ ಮೊದಲು ಆಧಾರ್ ತಿದ್ದಿಸಬೇಕು. ಕೇಳಲು ಸರಿಯಾಗಿಯೇ ಇದೆ. ನಿಮಗೆ ಹೇಳಿರುವುದೂ ಇದೇ ಮಾತು.

ಅಲ್ಲಿಂದ ಹಾಳಾಯಿತು. ಅವ್ವ ಶಾಲೆ ಮೆಟ್ಟಿಲು ಹತ್ತಿದವಳಲ್ಲ, ಜನನ ಪತ್ರವಂತೂ ಆ ಕಾಲದಲ್ಲಿ ಯಾರ ಬಳಿ ಇತ್ತು? ಕಂಪ್ಯೂಟರ್ ಸೆಂಟರಿನವನು ಯಾರೋ ಗೆಜೆಟೆಡ್ ಅಧಿಕಾರಿಯ ಸಹಿ ಇರುವ ಪತ್ರ ಮಾಡಿಸಿಕೊಟ್ಟ, ಅದಕ್ಕೆ ದುಡ್ಡು ತೆಗೆದುಕೊಂಡ. ಲಾಕ್‌ಡೌನ್ ಬಂತು, ಆಧಾರ್ ಕೇಂದ್ರ ಮುಚ್ಚಿತು, ತೆರೆಯಿತು, ಮತ್ತೆ ಮುಚ್ಚಿತು. ಕೊನೆಗೆ ಅವ್ವನನ್ನು ಕರೆದುಕೊಂಡು ಹೋಗಿ ಬೆರಳಚ್ಚು ಕೊಡಿಸಿದರು. ತಿಂಗಳುಗಳ ಮೇಲೆ ಬಂದ ಕಾರ್ಡಿನಲ್ಲಿ 1953ರ ಬದಲು 1958 ಎಂದಿತ್ತು. ಕೈಬರಹದ 3 ಅನ್ನು ಆಪರೇಟರ್ 8 ಎಂದು ಓದಿದ್ದ. ರಸೀದಿ ಕೊಡುವ ಮುಂಚೆ ಪರದೆಯ ಮೇಲೆ ತೋರಿಸಿ ಸರಿ ಇದೆಯಾ ಎಂದು ಕೇಳುತ್ತಾರೆ. ಅವ್ವನಿಗೆ ಓದಲು ಬರುವುದಿಲ್ಲ, ಅಣ್ಣ ಹೊರಗೆ ಬೀಡಿ ಸೇದುತ್ತಿದ್ದ.

ಮತ್ತೆ ತಿದ್ದಿಸೋಣ ಎಂದು ಹೋದರೆ ಆಗುವುದಿಲ್ಲ ಎಂದರು. ಆಧಾರ್‌ನಲ್ಲಿ ಹುಟ್ಟಿದ ದಿನಾಂಕವನ್ನು ಬದಲಾಯಿಸಲು ಸಿಗುವುದು ಒಂದೇ ಒಂದು ಅವಕಾಶ. ಆ ಅವಕಾಶ ಮುಗಿದ ಮೇಲೆ ಪ್ರಾದೇಶಿಕ ಕಚೇರಿಗೆ ವಿಶೇಷ ಕೋರಿಕೆ ಸಲ್ಲಿಸಬೇಕು, ಅದಕ್ಕೂ ಗಟ್ಟಿ ದಾಖಲೆ ಬೇಕು. ನಮ್ಮ ಬಳಿ ಇದ್ದದ್ದು ಆ ಪತ್ರವೊಂದೇ. ಇತ್ತ ರೇಷನ್ ಕಾರ್ಡಿನಲ್ಲಿ ಒಂದು ವಯಸ್ಸು, ಓಟಿನ ಗುರುತಿನ ಚೀಟಿಯಲ್ಲಿ ಇನ್ನೊಂದು, ಆಧಾರ್‌ನಲ್ಲಿ ಈಗ ಮೂರನೆಯದು. ಅಷ್ಟೆಲ್ಲ ಮಾಡಿಯೂ ಆಧಾರ್ ಪ್ರಕಾರ ಅವ್ವನಿಗೆ 65 ಆಗಿರಲಿಲ್ಲ. ಅಷ್ಟರಲ್ಲಿ 2021ರ ಜುಲೈ ಬಂದಿತ್ತು. ಸರ್ಕಾರ ಸಂಧ್ಯಾ ಸುರಕ್ಷಾವನ್ನು 1,200ಕ್ಕೂ ವಿಧವಾ ವೇತನವನ್ನು 800ಕ್ಕೂ ಏರಿಸಿತು. ಅಣ್ಣನಿಗೆ 1,200ರ ಆಸೆ ಇನ್ನೂ ಹೆಚ್ಚಾಯಿತು.

ಗಂಟು ಬಿಡಿಸಿದ್ದು ತಾಲ್ಲೂಕಿನ ಪಿಂಚಣಿ ಅದಾಲತ್. ಆ ಸಲ ಊರಿಗೆ ಬಂದಿದ್ದ ನಾನು ಅವ್ವನ ಜೊತೆ ಹೋಗಿದ್ದೆ. ಪಿಂಚಣಿ ವಿಭಾಗದ ಗುಮಾಸ್ತರೊಬ್ಬರು ಕಾಗದ ತಿರುವಿ ಹಾಕಿ, ವಯಸ್ಸಿನ ಗೊಡವೆಗೇ ಹೋಗದೆ ಅವ್ವನನ್ನು ಕೇಳಿದರು: "ಯಜಮಾನ್ರು ಅದಾರೇನಮ್ಮ?"

"ಇಲ್ಲರೀ, ತೀರಿಕೊಂಡಾರ."

"ಮತ್ತ ವಿಧವಾ ವೇತನಕ್ಕ ಯಾಕ ಹಾಕಿಲ್ಲ? ಅದಕ್ಕ ಅರವತ್ತೈದು ಯಾರು ಕೇಳ್ತಾರ?"

ಅವ್ವ ನನ್ನ ಮುಖ ನೋಡಿದಳು, ನಾನು ಅಣ್ಣನ ಮುಖ ನೋಡಿದೆ.

ನಮ್ಮಿಂದ ಆದ ತಪ್ಪು ಯಾವುದು ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಆಧಾರ್‌ನಲ್ಲಿ 3 ಹೋಗಿ 8 ಆಗಿದ್ದು ತಪ್ಪೇ, ಆದರೆ ನಮಗೆ ದುಡ್ಡು ಕಳೆದದ್ದು ಅದಲ್ಲ. ಯೋಜನೆ ಯಾವುದು ಎಂದು ಮೊದಲು ನಿರ್ಧರಿಸಿ, ಅದಕ್ಕೆ ತಕ್ಕ ಹಾಗೆ ಅವ್ವನ ದಾಖಲೆ ಬದಲಾಯಿಸಲು ಹೊರಟದ್ದು ತಪ್ಪು. ಮಾಡಬೇಕಾದದ್ದು ಇದರ ಉಲ್ಟಾ: ಕೈಯಲ್ಲಿ ಇವತ್ತು ಇರುವ ದಾಖಲೆಗಳನ್ನು ಮೇಜಿನ ಮೇಲೆ ಹರಡಿ, ಇವುಗಳಿಂದ ಯಾವ ಯೋಜನೆಗೆ ಈಗಲೇ ಅರ್ಹತೆ ಇದೆ ಎಂದು ನೋಡುವುದು. ಅಪ್ಪನ ಮರಣ ಪ್ರಮಾಣಪತ್ರ ನಮ್ಮ ಬಳಿ ಮೊದಲ ತಿಂಗಳಿನಿಂದಲೂ ಇತ್ತು. ನಿರ್ಗತಿಕ ವಿಧವಾ ವೇತನಕ್ಕೆ 18 ತುಂಬಿದ್ದರೆ ಸಾಕು. ಅವ್ವನ ಆಧಾರ್‌ನಲ್ಲಿ 1963 ಇದ್ದರೇನು, 1958 ಇದ್ದರೇನು, 1953 ಇದ್ದರೇನು, ಮೂರರಲ್ಲಿ ಯಾವುದಿದ್ದರೂ ಆ ಅರ್ಜಿ ಹೋಗುತ್ತಿತ್ತು.

ಇನ್ನೊಂದು ವಿಷಯ ನಮಗೆ ಗೊತ್ತಿರಲಿಲ್ಲ, ನಿಮಗೂ ಯಾರೂ ಹೇಳಿರಲಿಕ್ಕಿಲ್ಲ. ಪಿಂಚಣಿ ಶುರುವಾಗುವುದು ಮಂಜೂರಾದ ಮೇಲೆ. ಗಂಡ ತೀರಿಕೊಂಡ ದಿನದಿಂದ ಲೆಕ್ಕ ಹಾಕಿ ಹಿಂದಿನ ಬಾಕಿ ಯಾರೂ ಕೊಡುವುದಿಲ್ಲ. ಆದ್ದರಿಂದ ತಡ ಮಾಡಿದ ಪ್ರತಿ ತಿಂಗಳೂ ಹೋಯಿತೆಂದೇ ಅರ್ಥ. 800 ಮತ್ತು 1,200ರ ಲೆಕ್ಕದಲ್ಲೇ ಹೇಳುತ್ತೇನೆ. ಆಧಾರ್ ತಿದ್ದಿಸಲು ನೀವು ಒಂದು ವರ್ಷ ಕಳೆದರೆ, ವಿಧವಾ ವೇತನದ 9,600 ರೂಪಾಯಿ ಕೈಬಿಟ್ಟಂತೆ. ಆಮೇಲೆ ಸಂಧ್ಯಾ ಸುರಕ್ಷಾ ಸಿಕ್ಕಿತು ಅನ್ನಿ, ತಿಂಗಳಿಗೆ ಹೆಚ್ಚು ಬರುವುದು 400. ಕಳೆದದ್ದನ್ನು ತುಂಬಿಕೊಳ್ಳಲು ಎರಡು ವರ್ಷ ಬೇಕು. ಅಷ್ಟೂ ಕಾಲ ತಿದ್ದುಪಡಿ ತಿರಸ್ಕಾರವಾಗದೆ ಇರಬೇಕು, ಏಜೆಂಟ್ ದುಡ್ಡು ತಿನ್ನದೆ ಇರಬೇಕು. ನಿಮ್ಮ ಅಮ್ಮನಿಗೆ ಆಧಾರ್ ಪ್ರಕಾರ 59. ವರ್ಷ ಕಳೆದು 60 ಆದ ಕೂಡಲೇ ವೃದ್ಧಾಪ್ಯ ವೇತನ ಮಾಡಿಸೋಣ ಎಂದು ಯಾರಾದರೂ ಅಂದರೆ ಅದಕ್ಕೂ ಕಾಯಬೇಡಿ. 60ರಿಂದ 64ರವರಿಗೆ ಇರುವ ವೃದ್ಧಾಪ್ಯ ವೇತನವೂ ವಿಧವಾ ವೇತನದಷ್ಟೇ. ಕಾದು ಪಡೆಯುವ ಲಾಭ ಏನೂ ಇಲ್ಲ.

ಎರಡನ್ನೂ ಒಟ್ಟಿಗೆ ಪಡೆಯಬಹುದೇ ಎಂದು ಅಣ್ಣ ಕೇಳಿದ್ದ. ಆಗುವುದಿಲ್ಲ, ಒಬ್ಬರಿಗೆ ಒಂದೇ ಪಿಂಚಣಿ. ವಿಧವಾ ವೇತನ ಮೊದಲು ಪಡೆದರೆ ಮುಂದೆ ಸಂಧ್ಯಾ ಸುರಕ್ಷಾ ತಪ್ಪಿಹೋಗುತ್ತದೆಂಬ ಭಯ ಬೇಡ. ದಾಖಲೆಯಲ್ಲಿ 65 ತುಂಬಿದ ದಿನ ನಾಡಕಚೇರಿಗೆ ಹೋಗಿ ಬದಲಾವಣೆ ಕೇಳಿ. ನಮ್ಮ ಅವ್ವನಿಗೆ ಹಾಗೇ ಆಯಿತು, 1958ರ ಲೆಕ್ಕದಲ್ಲಿ 65 ಆದ ಮೇಲೆ.

ಈಗ ವಿಧವಾ ವೇತನದ ಅರ್ಜಿಗೆ ಬರುತ್ತೇನೆ. ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ ಜಾಗ ಇದು, ವಯಸ್ಸಲ್ಲ. ನಿಮ್ಮ ಹೋಬಳಿಯ ನಾಡಕಚೇರಿಯಲ್ಲಿ, ಅಂದರೆ ಅಟಲ್‌ಜೀ ಜನಸ್ನೇಹಿ ಕೇಂದ್ರದಲ್ಲಿ ಅರ್ಜಿ. ಅಮ್ಮನ ಆಧಾರ್, ರೇಷನ್ ಕಾರ್ಡ್, ಅಪ್ಪನ ಮರಣ ಪ್ರಮಾಣಪತ್ರ, ಅಮ್ಮನ ಆದಾಯ ಪ್ರಮಾಣಪತ್ರ, ಬ್ಯಾಂಕ್ ಇಲ್ಲವೇ ಅಂಚೆ ಪಾಸ್‌ಬುಕ್, ಫೋಟೋ. ಅರ್ಜಿ ಕೊಟ್ಟಾಗ ಸಕಾಲದ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. ಆ ಚೀಟಿಯ ಸಂಖ್ಯೆ ಇಲ್ಲದಿದ್ದರೆ ನಾಳೆ ಅರ್ಜಿ ಎಲ್ಲಿದೆ ಎಂದು ಕೇಳಲು ನಿಮಗೆ ಹಿಡಿಯೇ ಇರುವುದಿಲ್ಲ. ಅಲ್ಲಿಂದ ಕಾಗದ ಗ್ರಾಮ ಆಡಳಿತ ಅಧಿಕಾರಿಗೆ ಹೋಗುತ್ತದೆ (ಊರಲ್ಲಿ ಈಗಲೂ ವಿಎ ಅಂತಲೇ ಕರೆಯುತ್ತೇವೆ), ಅವರು ವಿಚಾರಣೆ ಮಾಡಿ ವರದಿ ಬರೆಯುತ್ತಾರೆ, ಕಂದಾಯ ನಿರೀಕ್ಷಕರು ನೋಡುತ್ತಾರೆ, ಆಮೇಲೆ ಮಂಜೂರಾತಿ ಆದೇಶ.

ಈ ಅರ್ಜಿಗೆ ಅಡ್ಡ ಬರುವುದು ಬಹುತೇಕ ಹೆಸರು. ಅಪ್ಪನ ಮರಣ ಪತ್ರದಲ್ಲಿ ಹನುಮಪ್ಪ ಎಂದಿದ್ದು ಅಮ್ಮನ ಓಟಿನ ಚೀಟಿಯಲ್ಲಿ ಗಂಡನ ಹೆಸರು ಹನುಮಂತಪ್ಪ ಎಂದಿದ್ದರೆ, ಇವರೇ ಅವರ ಹೆಂಡತಿ ಎಂದು ಯಾವ ಕಾಗದವೂ ಹೇಳುತ್ತಿಲ್ಲ ಎಂದಾಗುತ್ತದೆ. ನಮ್ಮಲ್ಲಿ ಸರಿಯಾಗಿ ಇಂಥದ್ದೇ ಒಂದು ಅಕ್ಷರದ ವ್ಯತ್ಯಾಸ ಇತ್ತು. ಅಪ್ಪ, ಅವ್ವ ಇಬ್ಬರ ಹೆಸರೂ ಇದ್ದ ಹಳೆಯ ರೇಷನ್ ಕಾರ್ಡ್ ಅಟ್ಟದ ಮೇಲಿನ ಟ್ರಂಕಿನಲ್ಲಿ ಸಿಕ್ಕಿತು, ಜೊತೆಗೆ ಎರಡೂ ಹೆಸರು ಒಬ್ಬನೇ ವ್ಯಕ್ತಿಯದು ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿ ಕೊಟ್ಟೆವು. ವಿಎ ಮನೆಗೆ ಬಂದು ಅಕ್ಕಪಕ್ಕದವರನ್ನು ಕೇಳಿ ಬರೆದುಕೊಂಡು ಹೋದರು. ಆದ್ದರಿಂದ ಅರ್ಜಿ ಹಾಕುವ ಮುಂಚೆ ಒಂದು ಸಂಜೆ ಕೂತು ಎಲ್ಲ ಕಾಗದದಲ್ಲೂ ಅಪ್ಪನ ಹೆಸರನ್ನು ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡಿ. ಅಪ್ಪ ಇದ್ದ ಹಳೆಯ ರೇಷನ್ ಕಾರ್ಡನ್ನು, ಹೆಸರು ತೆಗೆಸಿ ಹೊಸದು ಬಂತು ಎಂದು ಎಸೆಯಬೇಡಿ. ಮರಣ ಪತ್ರವೇ ಇನ್ನೂ ಮಾಡಿಸಿಲ್ಲವಾದರೆ, ಸಾವಾದ ದಿನದಿಂದ ಒಂದು ವರ್ಷ ತುಂಬುವ ಮುಂಚೆ ಮಾಡಿಸಿಬಿಡಿ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ತರಬೇಕಾಗುತ್ತದೆ. ನಿಮಗೆ ಉಳಿದಿರುವುದು ನಾಲ್ಕೇ ತಿಂಗಳು.

ಆದಾಯದ ವಿಷಯದಲ್ಲಿ ನೇರವಾಗಿ ಹೇಳುತ್ತೇನೆ. ವಾರ್ಷಿಕ ಆದಾಯ 32,000 ರೂಪಾಯಿ ಒಳಗಿರಬೇಕು, ಆದಾಯ ಪ್ರಮಾಣಪತ್ರವನ್ನೂ ಅದೇ ನಾಡಕಚೇರಿ ಕೊಡುತ್ತದೆ. ಹಳೆಯದು ಮನೆಯಲ್ಲಿದ್ದರೆ ಅದು ಯಾರ ಹೆಸರಿನಲ್ಲಿದೆ, ಯಾವಾಗ ಮಾಡಿಸಿದ್ದು ನೋಡಿ. ನಮ್ಮ ಮನೆಯಲ್ಲಿ ಇದ್ದದ್ದು ಅಣ್ಣನ ಮಗಳ ವಿದ್ಯಾರ್ಥಿವೇತನಕ್ಕೆಂದು ಅಣ್ಣನ ಹೆಸರಿನಲ್ಲಿ ಮಾಡಿಸಿದ್ದು. ಅದನ್ನೇ ಕೊಡೋಣ ಎಂದ ಅಣ್ಣನನ್ನು ನಾನು ತಡೆದೆ. ಬೇಕಿರುವುದು ಅವ್ವನ ಹೆಸರಿನದು. ವಿಎ ವಿಚಾರಣೆಗೆ ಬಂದಾಗ ಮನೆಯಲ್ಲಿ ಯಾರಿದ್ದಾರೆ, ರೇಷನ್ ಕಾರ್ಡಿನಲ್ಲಿ ಯಾರ ಹೆಸರಿದೆ, ಹೊಲ ಎಷ್ಟಿದೆ ಎಂದು ಕೇಳುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ. ಹೊಲ ಇನ್ನೂ ಅಪ್ಪನ ಹೆಸರಲ್ಲೇ ಇದ್ದರೆ ಪೌತಿ ಖಾತೆಯ ಮಾತು ಬರುತ್ತದೆ, ಅದು ಬೇರೆಯೇ ಕೆಲಸ, ಪಿಂಚಣಿ ಅರ್ಜಿಯನ್ನು ಅದಕ್ಕಾಗಿ ನಿಲ್ಲಿಸಬೇಡಿ. ನಿಮಗೆ ನಗರದಲ್ಲಿ ಒಳ್ಳೆಯ ಸಂಬಳವಿದ್ದು ಅಮ್ಮನೂ ನಿಮ್ಮ ಜೊತೆಗೇ, ನಿಮ್ಮ ಕಾರ್ಡಿನಲ್ಲೇ ಇದ್ದರೆ ಅರ್ಜಿ ಮಂಜೂರಾಗುವುದು ಕಷ್ಟ, ಆಗಬಾರದು ಕೂಡ. ಈ ದುಡ್ಡು ಇರುವುದು ಆಸರೆಯಿಲ್ಲದವರಿಗೆ. ವಯಸ್ಸನ್ನಾಗಲಿ ಆದಾಯವನ್ನಾಗಲಿ ಸುಳ್ಳು ಬರೆಸಿ ಪಡೆದರೆ ಮುಂದೆ ಮರುಪರಿಶೀಲನೆಯಲ್ಲಿ ರದ್ದಾಗುತ್ತದೆ, ಆಗ ನಿಜವಾಗಿ ಅರ್ಹರಾದವರನ್ನೂ ಅನುಮಾನದಿಂದ ನೋಡುತ್ತಾರೆ. ನಮ್ಮೂರಿನಲ್ಲೇ ಒಬ್ಬರ ಪಿಂಚಣಿ ಹಾಗೆ ನಿಂತಿತು.

ಹಾಗಂತ ಆಧಾರ್ ವಯಸ್ಸನ್ನು ಎಂದೂ ತಿದ್ದಿಸಲೇಬಾರದು ಅಂತಲ್ಲ. ವಿಧವಾ ವೇತನ ಮಂಜೂರಾಗಿ ಮೊದಲ ಕಂತು ಕೈಗೆ ಬಂದ ಮೇಲೆ ನಿಧಾನವಾಗಿ ಹುಡುಕಿ. ಅಮ್ಮ ಒಂದನೇ ಕ್ಲಾಸಿಗಾದರೂ ಹೋಗಿದ್ದರೆ ಆ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹುಟ್ಟಿದ ದಿನಾಂಕ ಇರುತ್ತದೆ. ಹಳೆಯ ಸರ್ಕಾರಿ ಶಾಲೆಗಳಲ್ಲಿ ಆ ಪುಸ್ತಕಗಳು ಆಶ್ಚರ್ಯವೆನ್ನುವ ಹಾಗೆ ಉಳಿದಿರುತ್ತವೆ. ಹಾಗೇನಾದರೂ ಸಿಕ್ಕಿದರೆ, ಅದು ಈಗ ಆಧಾರ್‌ನವರು ಒಪ್ಪುವ ದಾಖಲೆಯೇ ಎಂದು ಕೇಂದ್ರದಲ್ಲಿ ಕೇಳಿ ಖಾತ್ರಿ ಮಾಡಿಕೊಂಡು, ಆ ಒಂದೇ ಅವಕಾಶವನ್ನು ಬಳಸಿ. ಪರದೆಯ ಮೇಲೆ ತೋರಿಸುವ ದಿನಾಂಕವನ್ನು ನೀವೇ ನಿಂತು ಓದಿ, ಅಮ್ಮನ ಮೇಲೆ ಬಿಡಬೇಡಿ. ಏನೂ ಸಿಗದಿದ್ದರೆ ಬಿಟ್ಟುಬಿಡಿ, 65 ತಾನಾಗಿ ಬರುತ್ತದೆ. ಯಾರೋ ಕೊಡುವ ಪತ್ರದ ಮೇಲೆ ತಿದ್ದಿಸುವುದು ಬೇಡ.

ಕೊನೆಯದಾಗಿ ಬ್ಯಾಂಕ್. ಅವ್ವನ ಮಂಜೂರಾತಿ ಆದೇಶ ಬಂದ ಮೇಲೂ ಪಾಸ್‌ಬುಕ್‌ನಲ್ಲಿ ದುಡ್ಡು ಕಾಣಲಿಲ್ಲ. ನಾವು ಮತ್ತೆ ತಿರಸ್ಕಾರವಾಯಿತೆಂದು ಕಂಗಾಲಾದೆವು. ಆಗಿದ್ದಿಷ್ಟು: ಪಿಂಚಣಿ ದುಡ್ಡು ಆಧಾರ್ ಸಂಖ್ಯೆಯ ಮೇಲೆ ಹೋಗುತ್ತದೆ, ಆಧಾರ್ ಯಾವ ಖಾತೆಗೆ ಕೊನೆಯದಾಗಿ ಜೋಡಣೆಯಾಗಿದೆಯೋ ಆ ಖಾತೆಗೆ ಬೀಳುತ್ತದೆ. ಯಾವಾಗಲೋ ಸಿಮ್ ಕೊಳ್ಳುವಾಗ ಬೆರಳಚ್ಚು ಕೊಟ್ಟು ಅವ್ವನ ಹೆಸರಲ್ಲಿ ಇನ್ನೊಂದು ಖಾತೆ ತೆರೆದಿತ್ತು, ದುಡ್ಡು ಅಲ್ಲಿ ಸುಮ್ಮನೆ ಕೂಡುತ್ತಿತ್ತು. ಬ್ಯಾಂಕಿನಲ್ಲಿ ಆಧಾರ್ ಲಿಂಕ್ ಆಗಿದೆಯಾ ಎಂದು ಕೇಳಿದರೆ ಹೌದು ಎಂದೇ ಹೇಳುತ್ತಾರೆ. ನೀವು ಕೇಳಬೇಕಾದದ್ದು ಎನ್‌ಪಿಸಿಐ ಮ್ಯಾಪಿಂಗ್ ಯಾವ ಬ್ಯಾಂಕಿಗೆ ಇದೆ ಎಂದು. ಅರ್ಜಿ ಹಾಕುವ ವಾರವೇ ಅಮ್ಮನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ ಇದೊಂದನ್ನು ಕೇಳಿ. ಬೇರೆ ಕಡೆ ಇದ್ದರೆ, ಅಮ್ಮ ನಡೆದು ಹೋಗಿ ದುಡ್ಡು ಬಿಡಿಸಿಕೊಳ್ಳಬಲ್ಲ ಖಾತೆಗೆ ಬದಲಾಯಿಸಿಕೊಡಲು ಅಲ್ಲೇ ಫಾರಂ ಇರುತ್ತದೆ.

ನಾಡಕಚೇರಿಯಲ್ಲಿ ಅರ್ಜಿಯನ್ನೇ ತೆಗೆದುಕೊಳ್ಳದಿದ್ದರೆ ಅಥವಾ ವಯಸ್ಸಿನ ಕಾರಣ ಹೇಳಿ ವಾಪಸ್ ಕಳಿಸಿದರೆ ಕಂದಾಯ ಇಲಾಖೆಯ ಸಹಾಯವಾಣಿ 155245ಕ್ಕೆ ಫೋನ್ ಮಾಡಿ, ನಿರ್ಗತಿಕ ವಿಧವಾ ವೇತನದ ಅರ್ಜಿ ಎಂದು ಬಿಡಿಸಿ ಹೇಳಿ. ಬರೀ ಪಿಂಚಣಿ ಎಂದರೆ ಮತ್ತೆ 65ರ ಮಾತೇ ಬರುತ್ತದೆ. ಮರಣ ಪತ್ರ ಮತ್ತು ಅಮ್ಮನ ಓಟಿನ ಚೀಟಿಯಲ್ಲಿ ಅಪ್ಪನ ಹೆಸರು ಹೊಂದುತ್ತದೆಯೋ ಇಲ್ಲವೋ ನೋಡಿ ಇಲ್ಲೇ ಕೆಳಗೆ ಬರೆಯಿರಿ. ಹೊಂದದಿದ್ದರೆ ನಾವು ಕೊಟ್ಟ ಅಫಿಡವಿಟ್ಟಿನ ಒಕ್ಕಣೆಯನ್ನು ಹುಡುಕಿ ಕೊಡುತ್ತೇನೆ.